ದಮ್ಮಸು ಮಣ್ಣು, ಬಿದಿರಿನ ಮನೆಯ ರೆಂಡರ್: ಫಳಫಳ ಹೊಳೆಯದಂತೆ ಮಾಡುವುದು ಹೇಗೆ?

"ಏನ್ ಸಾ ಇದು, ಮಣ್ಣಿನ ಗೋಡೆನಾ, ಬೇಕರಿ ಕೇಕಾ?"

ಪಾಂಡವಪುರದ ಹತ್ತಿರ ಒಂದು ಸಣ್ಣ ಮನೆಯ ಕೆಲಸ. ನಾನು ಮಾಡಿದ ಮೊದಲ ಚಿತ್ರವನ್ನು ಮೇಸ್ತ್ರಿಗೆ ಮೊಬೈಲಿನಲ್ಲಿ ತೋರಿಸಿದಾಗ ಅವರು ಕೇಳಿದ್ದು ಇಷ್ಟೇ. ಮನೆ ಯಜಮಾನರು ನಿವೃತ್ತ ಮೇಷ್ಟ್ರು. ಅವರು ಮಾತ್ರ ಚಿತ್ರ ನೋಡಿ ಖುಷಿಯಾಗಿದ್ದರು. ನನಗೆ ಭಯವಾಗಿದ್ದೇ ಆ ಖುಷಿ ನೋಡಿ.

ಯಾಕೆಂದರೆ ಅದಕ್ಕೂ ಎರಡು ವರ್ಷದ ಹಿಂದೆ ಇದೇ ತಪ್ಪು ಮಾಡಿ ಬೆರಳು ಸುಟ್ಟುಕೊಂಡಿದ್ದೆ. ಮೈಸೂರಿನ ಹೊರವಲಯದ ಒಂದು ಮಣ್ಣಿನ ಮನೆಗೆ ಸಂಜೆಯ ಹೊಂಬಣ್ಣದ ಬೆಳಕು, ಗಾಜಿನಂತೆ ಮಿಂಚುವ ಗೋಡೆ, ಎಲ್ಲ ಹಾಕಿ ಚಿತ್ರ ಕೊಟ್ಟಿದ್ದೆ. ಗೋಡೆ ಎದ್ದು ಒಣಗಿದ ಮೇಲೆ ಮನೆಯವರು "ಚಿತ್ರದಲ್ಲಿದ್ದ ಹೊಳಪು ಎಲ್ಲಿ?" ಎಂದು ಕೇಳಿದರು. ಪೇಂಟರ್ ಒಬ್ಬರನ್ನು ಕರೆಸಿ ಹೊರಗೋಡೆಗೆ ಎರಡು ಕೋಟ್ ಕ್ಲಿಯರ್ ವಾರ್ನಿಷ್ ಹೊಡೆಸಿದರು. ಮುಂದಿನ ಮಳೆಗಾಲದಲ್ಲಿ ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ವಾರ್ನಿಷ್ ಗುಳ್ಳೆ ಎದ್ದಿತು, ಸಿಪ್ಪೆ ಸುಲಿದಂತೆ ಬಂತು, ಬರುವಾಗ ಮಣ್ಣಿನ ಮೇಲ್ಪದರವನ್ನೂ ಕಿತ್ತುಕೊಂಡು ಬಂತು. ತಪ್ಪು ಪೇಂಟರದ್ದಲ್ಲ, ನನ್ನ ಚಿತ್ರದ್ದು.

ಹಾಗಾಗಿ ಪಾಂಡವಪುರದ ಮನೆಯ ಚಿತ್ರವನ್ನು ಮೊದಲಿನಿಂದ ಮತ್ತೆ ಮಾಡಿದೆ. ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ರೆಂಡರ್ ಅಂದರೆ ಇಲ್ಲಿ ಗೋಡೆಗೆ ಗಾರೆ ಬಳಿಯುವುದಲ್ಲ, ಕಂಪ್ಯೂಟರಿನಲ್ಲಿ ಮನೆಯ ಚಿತ್ರ ತೆಗೆಯುವುದು. ನಾನು ಬಳಸಿದ್ದು ಬ್ಲೆಂಡರ್ 4.2, ಅದರಲ್ಲಿ ಸೈಕಲ್ಸ್. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಬಟನ್‌ಗಳ ಹೆಸರು ಬದಲಾಗುತ್ತದೆ, ಲೆಕ್ಕ ಅದೇ.

ಮನೆಯ ವಿವರ ಹೀಗಿದೆ. ಉದ್ದ 24 ಅಡಿ, ಅಗಲ 14 ಅಡಿ. ಒಂದೂವರೆ ಅಡಿ ಎತ್ತರದ ಸೈಜುಗಲ್ಲಿನ ಪಾಯ. ಅದರ ಮೇಲೆ 1 ಅಡಿ ದಪ್ಪ, 9 ಅಡಿ ಎತ್ತರದ ದಮ್ಮಸು ಮಣ್ಣಿನ ಗೋಡೆ, ಅಂದರೆ ಹಲಗೆಗಳ ನಡುವೆ ಮಣ್ಣು ಬಡಿದು ಎಬ್ಬಿಸಿದ್ದು. ಮೇಲೆ ಬಿದಿರಿನ ಕಟ್ಟು, ಮಂಗಳೂರು ಹೆಂಚು. ಸೂರು ಗೋಡೆಯಿಂದ 3 ಅಡಿ ಹೊರಗೆ ಚಾಚಿದೆ. ಮುಂಭಾಗ ದಕ್ಷಿಣಕ್ಕೆ.

ಮೊದಲು ಮಣ್ಣಿನ ಬಣ್ಣ ಅಳೆಯಿರಿ

ಕಂಪ್ಯೂಟರ್ ಆನ್ ಮಾಡುವ ಮೊದಲು ಸೈಟಿಗೆ ಹೋಗಿ. ಇಂಟರ್ನೆಟ್ಟಿನಲ್ಲಿ ಸಿಗುವ ಮಣ್ಣಿನ ಗೋಡೆಯ ಟೆಕ್ಸ್ಚರ್‌ಗಳು ಬಹುಪಾಲು ಬೇರೆ ದೇಶದವು. ಆ ಕಿತ್ತಳೆ ಬಣ್ಣ ನಮ್ಮ ಕೆಮ್ಮಣ್ಣಿಗೆ ಹೊಂದುವುದೇ ಇಲ್ಲ. ಅದೂ ಅಲ್ಲದೆ ಗೋಡೆಗೆ ಹೋಗುವುದು ಬರೀ ಕೆಮ್ಮಣ್ಣಲ್ಲ. ಅದರಲ್ಲಿ ಜಲ್ಲಿ ಪುಡಿ ಇರುತ್ತದೆ, ನೂರಕ್ಕೆ ಏಳೆಂಟು ಪಾಲು ಸಿಮೆಂಟೂ ಇರುತ್ತದೆ. ಸಿಮೆಂಟ್ ಬಿದ್ದ ಕೂಡಲೇ ಕೆಂಪು ಸ್ವಲ್ಪ ಬೂದಿಗೆ ತಿರುಗುತ್ತದೆ. ಹಾಗಾಗಿ ಗುಂಡಿಯಲ್ಲಿರುವ ಮಣ್ಣಿನ ಫೋಟೋ ತೆಗೆದರೆ ಪ್ರಯೋಜನವಿಲ್ಲ. ಮೇಸ್ತ್ರಿ ಮಿಶ್ರಣ ಪರೀಕ್ಷಿಸಲು ಒಂದು ತುಂಡು ಗೋಡೆ ಬಡಿದು ನಿಲ್ಲಿಸಿರುತ್ತಾರೆ. ಅದು ಪೂರ್ತಿ ಒಣಗಿದ ಮೇಲೆ ಅದರದ್ದೇ ಫೋಟೋ ತೆಗೆಯಿರಿ. ಒದ್ದೆ ಮಣ್ಣು ಒಣ ಮಣ್ಣಿಗಿಂತ ತುಂಬ ಕಪ್ಪಗಿರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ.

ಫೋಟೋ ತೆಗೆಯುವಾಗ ತುಂಡಿನ ಪಕ್ಕದಲ್ಲಿ, ಅದೇ ಮುಖಕ್ಕೆ ಒರಗಿಸಿ, ಒಂದು ಹೊಸ ಎ4 ಬಿಳಿ ಹಾಳೆ ಇಡಿ. ಎರಡೂ ನೆರಳಿನಲ್ಲಿರಲಿ, ನೇರ ಬಿಸಿಲು ಬೇಡ. ಬಿಳಿ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ನೂರಕ್ಕೆ 80 ಭಾಗವನ್ನು ವಾಪಸ್ ಕಳಿಸುತ್ತದೆ. ಆ ಒಂದು ಅಂಕಿ ಗೊತ್ತಿದ್ದರೆ ಮಣ್ಣು ಎಷ್ಟು ಕಳಿಸುತ್ತದೆ ಎಂದು ಲೆಕ್ಕ ಹಾಕಬಹುದು. ಯಾವುದಾದರೂ ಫೋಟೋ ಎಡಿಟರಿನ ಕಲರ್ ಪಿಕರ್‌ನಲ್ಲಿ ಹಾಳೆ ಮತ್ತು ಮಣ್ಣು ಎರಡರ ಬಣ್ಣದ ಅಂಕಿಗಳನ್ನು ಬರೆದುಕೊಳ್ಳಿ. ನನಗೆ ಹಾಳೆಗೆ 214, 212, 209 ಬಂತು, ಮಣ್ಣಿಗೆ 150, 112, 84 ಬಂತು. ಬ್ಲೆಂಡರಿನ ಸ್ಕ್ರಿಪ್ಟಿಂಗ್ ಕಿಟಕಿಯಲ್ಲಿ ಇದನ್ನು ಓಡಿಸಿ:

```python
def lin(v):
    v = v / 255
    return v / 12.92 if v <= 0.04045 else ((v + 0.055) / 1.055) ** 2.4

paper = [lin(v) for v in (214, 212, 209)]
soil = [lin(v) for v in (150, 112, 84)]
print([round(s / p * 0.8, 2) for s, p in zip(soil, paper)])
```

ಉತ್ತರ 0.36, 0.2, 0.11. ಇದನ್ನು `Base Color` ನ `RGB` ಸಾಲುಗಳಲ್ಲಿ ಹಾಕಿ, `Hex` ನಲ್ಲಿ ಅಲ್ಲ. ಮೊಬೈಲ್ ಕ್ಯಾಮೆರಾ ತಾನೇ ಒಂದಿಷ್ಟು ಮೇಕಪ್ ಮಾಡುವುದರಿಂದ ಇದು ಅಳತೆಪಟ್ಟಿ ಇಟ್ಟಷ್ಟು ನಿಖರವಲ್ಲ. ಮೊಬೈಲಿನಲ್ಲಿ ರಾ ಫೋಟೋ ತೆಗೆಯುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಆದರೂ ಕಣ್ಣಂದಾಜಿಗಿಂತ ಇದು ಎಷ್ಟೋ ವಾಸಿ. ನನ್ನ ಮೊದಲ ಚಿತ್ರದಲ್ಲಿ ಕಣ್ಣಂದಾಜಿಗೆ ಹಾಕಿದ್ದ ಬಣ್ಣದಲ್ಲಿ ಕೆಂಪು 0.6 ಇತ್ತು! ಮಂಡ್ಯದವರಿಗೆ ಬೆಲ್ಲದ ಉದಾಹರಣೆ ಹೇಳಿದರೆ ಸಾಕು: ಬಣ್ಣ ತಿಳಿಯಾಗಲು ಹೈಡ್ರೋಸ್ ಪುಡಿ ಹಾಕಿದ ಹಳದಿ ಬೆಲ್ಲಕ್ಕೂ, ಏನೂ ಹಾಕದೆ ಆಲೆಮನೆಯಿಂದ ಇಳಿಸಿದ ಕಂದು ಬೆಲ್ಲಕ್ಕೂ ಎಷ್ಟು ವ್ಯತ್ಯಾಸವೋ, ಇದೂ ಅಷ್ಟೇ.

ಬಿದಿರು, ಹೆಂಚು, ಪಾಯದ ಕಲ್ಲು, ಮನೆ ಮುಂದಿನ ನೆಲ, ಇವಕ್ಕೂ ಹೀಗೇ ಹಾಳೆ ಇಟ್ಟು ಫೋಟೋ ತೆಗೆಯಿರಿ. ಅರ್ಧ ಗಂಟೆಯ ಕೆಲಸ.

ಗೋಡೆಯನ್ನು ಮೇಸ್ತ್ರಿ ಎಬ್ಬಿಸುವ ಹಾಗೇ ಎಬ್ಬಿಸಿ

ಇಲ್ಲೇ ಜಾಸ್ತಿ ಹೊತ್ತು ಕೊಡಬೇಕು. ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

ದಮ್ಮಸು ಗೋಡೆ ಹೇಗೆ ಏಳುತ್ತದೆ ಎಂದು ಒಮ್ಮೆ ನಿಂತು ನೋಡಿ. ಎರಡು ಕಡೆ ಶಟರಿಂಗ್ ಹಲಗೆ. ನಡುವೆ ಸುಮಾರು 6 ಇಂಚು ಸಡಿಲ ಮಣ್ಣು ಹಾಕುತ್ತಾರೆ, ದಮ್ಮಸಿನಿಂದ ಬಡಿಯುತ್ತಾರೆ, ಅದು 4 ಇಂಚಿಗೆ ಇಳಿಯುತ್ತದೆ. ಮತ್ತೆ 6 ಇಂಚು, ಮತ್ತೆ ಬಡಿತ. ಹೀಗೆ ಕೂತ ಒಂದೊಂದು ಪದರವೂ ಒಂದು ವರಸೆ. ಪೆಟ್ಟು ಬೀಳುವುದು ಮೇಲಿನಿಂದ. ಹಾಗಾಗಿ ಪ್ರತಿ ವರಸೆಯ ಮೇಲ್ಭಾಗ ಗಟ್ಟಿಯಾಗಿ, ನುಣುಪಾಗಿ ಕೂರುತ್ತದೆ. ಕೆಳಭಾಗಕ್ಕೆ ಪೆಟ್ಟಿನ ಬಲ ಅಷ್ಟು ತಲುಪುವುದಿಲ್ಲ. ಅಲ್ಲಿ ಸಣ್ಣ ಕಲ್ಲು ಹೊರಗೆ ಕಾಣುತ್ತದೆ, ಸಣ್ಣ ಸಣ್ಣ ತೂತು ಉಳಿಯುತ್ತದೆ, ಮೈಸೂರು ಪಾಕ್ ಮುರಿದಾಗ ಒಳಗೆ ಕಾಣುತ್ತದಲ್ಲ, ಹಾಗೆ. ಮಣ್ಣಿನ ಗೋಡೆಯ ಗುರುತೇ ಇದು: ವರಸೆಯ ತಲೆ ನುಣುಪು, ಬುಡ ಒರಟು. ಹೆಚ್ಚಿನ ರೆಂಡರ್‌ಗಳಲ್ಲಿ ಇದು ಇರುವುದಿಲ್ಲ. ಸುಮ್ನೆ ಅಡ್ಡ ಅಡ್ಡ ಬಣ್ಣದ ಪಟ್ಟೆ ಎಳೆದಿರುತ್ತಾರೆ. ಅದಕ್ಕೇ ಕೇಕಿನ ಹಾಗೆ ಕಾಣುವುದು.

9 ಅಡಿ ಗೋಡೆಗೆ 4 ಇಂಚಿನಂತೆ 27 ವರಸೆ. ಬ್ಲೆಂಡರಿನಲ್ಲಿ ಗೋಡೆಯ ವಸ್ತುವನ್ನು ಆರಿಸಿ, `Ctrl+A` ಒತ್ತಿ `Scale` ಅಪ್ಲೈ ಮಾಡಿ. ಇದು ಮರೆತರೆ ಮುಂದಿನ ಅಳತೆ ಯಾವುದೂ ಮೀಟರಿನಲ್ಲಿ ಇರುವುದಿಲ್ಲ. ಗೋಡೆಯ ಬುಡ ಶೂನ್ಯ ಎತ್ತರಕ್ಕೆ ಬರುವಂತೆ ಅದರ ಮೂಲಬಿಂದುವನ್ನು ಪಾಯದ ಮೇಲಿಡಿ. ಆಮೇಲೆ ಮೆಟೀರಿಯಲ್‌ನಲ್ಲಿ ನೋಡ್‌ಗಳನ್ನು ಹೀಗೆ ಜೋಡಿಸಿ:

```
Texture Coordinate: Object -> Separate XYZ -> Z
Noise Texture: Vector = Object, Scale 0.7, Detail 2 -> Subtract 0.5 -> Multiply 0.04
Add: Z + Noise
Divide: 0.1016
  -> Floor    -> White Noise 1D -> Map Range 0.93..1.05
  -> Fraction -> ColorRamp
```

ಇದರಲ್ಲಿ ಏನಾಗುತ್ತಿದೆ ನೋಡಿ. ಎತ್ತರವನ್ನು 0.1016 ಮೀಟರಿನಿಂದ, ಅಂದರೆ 4 ಇಂಚಿನಿಂದ ಭಾಗಿಸಿದಾಗ `Floor` ಇದು ಎಷ್ಟನೇ ವರಸೆ ಎಂದು ಹೇಳುತ್ತದೆ. `Fraction` ಆ ವರಸೆಯೊಳಗೆ ನಾವು ಬುಡದಲ್ಲಿದ್ದೇವಾ, ತಲೆಯಲ್ಲಿದ್ದೇವಾ ಎಂದು ಹೇಳುತ್ತದೆ. ಮಧ್ಯೆ ಸೇರಿಸಿದ `Noise` ವರಸೆಯ ಗೆರೆಯನ್ನು ಸುಮಾರು ಮುಕ್ಕಾಲು ಸೆಂಟಿಮೀಟರ್ ಮೇಲೆ ಕೆಳಗೆ ತೂಗಿಸುತ್ತದೆ. ಕೈಯಲ್ಲಿ ಹರಡಿದ ಮಣ್ಣು ಮಟ್ಟ ಹಿಡಿದಂತೆ ಎಲ್ಲಿ ಕೂರುತ್ತದೆ? ಆದರೆ ಈ ತೂಗಾಟ ಮೀಟರಿಗೂ ಜಾಸ್ತಿ ಉದ್ದದ, ನಿಧಾನದ ಅಲೆಯಾಗಿರಬೇಕು. `Scale` ಅನ್ನು 5ಕ್ಕೆ ಏರಿಸಿದರೆ ಗೆರೆ ಹಾವಿನ ಹಾಗೆ ನುಲಿಯುತ್ತದೆ.

`Map Range` ನಿಂದ ಬಂದ ಅಂಕಿಯನ್ನು ಮೂಲ ಬಣ್ಣಕ್ಕೆ ಗುಣಿಸಿ. ವರಸೆಯಿಂದ ವರಸೆಗೆ ವ್ಯತ್ಯಾಸ ಇಷ್ಟೇ ಸಾಕು, ನೂರಕ್ಕೆ ಹತ್ತು ಹನ್ನೆರಡು. ಮೇಸ್ತ್ರಿ ಒಂದೇ ಗುಂಡಿಯ ಮಣ್ಣಿನಲ್ಲಿ ಕಲಸುತ್ತಾರೆ. ಬೇಕೆಂದೇ ಬೇರೆ ಬಣ್ಣದ ಮಣ್ಣು ಹಾಕಿಸದಿದ್ದರೆ ಗೋಡೆಯಲ್ಲಿ ಕಾಣುವುದು ಅಂದಂದಿನ ನೀರು ಮತ್ತು ಸಿಮೆಂಟಿನ ಹೆಚ್ಚುಕಡಿಮೆ, ಅಷ್ಟೇ.

`Fraction` ಗೆ ಹಾಕಿದ `ColorRamp` ನಲ್ಲಿ ಬುಡದ ಕಡೆ ಬಿಳಿ, ತಲೆಯ ಕಡೆ ಕಪ್ಪು ಇಡಿ. ಬಿಳಿ ಮೊದಲ ಮೂರನೇ ಒಂದು ಭಾಗದಲ್ಲೇ ಮುಗಿಯಲಿ. ಇದನ್ನು ಇನ್ನೊಂದು `Noise Texture` ಗೆ ಗುಣಿಸಿ, ಅದರ `Vector` ಗೂ `Object` ಕೊಡಿ, `Scale` 60 ಇರಲಿ, ಒಂದೂವರೆ ಸೆಂಟಿಮೀಟರಿನ ಕಲ್ಲಿನಷ್ಟು ಉಬ್ಬುತಗ್ಗು ಬರುತ್ತದೆ. ಅದನ್ನು `Bump` ಗೆ ಕೊಡಿ, `Distance` 0.003, `Strength` 0.5. ಮೂರು ಮಿಲಿಮೀಟರ್ ಅಂದರೆ ಸಾಕು. ಇನ್ನೂ ಒರಟಾಗಲಿ ಎಂದು ಏರಿಸುತ್ತಾ ಹೋಗಬೇಡಿ. ಒರಟು ಜಾಸ್ತಿಯಾದರೂ ಅದು ಸುಳ್ಳೇ. ಹಲಗೆಗೆ ಒತ್ತಿ ಬಡಿದ ಗೋಡೆ ನಿಜಕ್ಕೂ ಸಾಕಷ್ಟು ಸಮವಾಗಿರುತ್ತದೆ.

`Roughness` 0.9, `Specular IOR Level` 0.2. ಮೊದಲಿದ್ದ 0.5 `Roughness` ಹಾಗೇ ಬಿಟ್ಟಿದ್ದರೆ ಗೋಡೆಯ ಮೇಲೆ ಆಕಾಶದ ನೀಲಿ ಪ್ರತಿಫಲನ ತೆಳುವಾಗಿ ಹರಡಿಕೊಂಡು ಪಾಲಿಶ್ ಹೊಡೆದಂತೆ ಕಾಣುತ್ತದೆ. ಗೋಡೆಯನ್ನು ಓರೆಯಾಗಿ ನೋಡುವ ಕೋನದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೊಳಪಿನ ಅರ್ಧ ತಂಟೆ ಈ ಒಂದು ಅಂಕಿಯದ್ದು.

ಇನ್ನು ಮೂಲೆಗಳು. `Bump` ಮೇಲ್ಮೈಯನ್ನು ಮಾತ್ರ ಮೋಸ ಮಾಡುತ್ತದೆ, ಅಂಚಿನ ರೇಖೆ ಬ್ಲೇಡಿನಂತೆ ನೇರವಾಗೇ ಉಳಿಯುತ್ತದೆ. ಮಣ್ಣಿನ ಗೋಡೆಗೆ ಚೂಪು ಮೂಲೆ ಬಿಟ್ಟರೆ ಹಲಗೆ ಬಿಚ್ಚುವಾಗಲೇ ಉದುರುತ್ತದೆ. ಅದಕ್ಕೇ ಹಲಗೆಯ ಮೂಲೆಗೆ ಒಂದು ಓರೆ ಪಟ್ಟಿ ಹೊಡೆದು ಮೂಲೆಯನ್ನು ಕತ್ತರಿಸಿರುತ್ತಾರೆ. ನಮ್ಮ ಮನೆಗೆ 1 ಇಂಚಿನ ಪಟ್ಟಿ ಅಂತ ಮೇಸ್ತ್ರಿ ಹೇಳಿದ್ದರು. ಮಾಡೆಲ್‌ನಲ್ಲೂ 25 ಮಿಲಿಮೀಟರ್ `Bevel` ಕೊಟ್ಟೆ, ಒಂದೇ ಓರೆ ಮುಖ ಇರಲಿ ಎಂದು `Segments` 1. ಆಮೇಲೆ ಬಾಗಿಲ ಹತ್ತಿರ, ಕೈಗೆ ತಾಗುವ ಎತ್ತರದಲ್ಲಿ, ಎರಡು ಮೂರು ಕಡೆ ಸ್ಕಲ್ಪ್ಟ್ ಮಾಡಿ ಚೂರು ಮುರಿದೆ. ಎರಡು ಮೂರು ಕಡೆ ಮಾತ್ರ!

ಹಲಗೆ 2 ಅಡಿ ಎತ್ತರದ್ದು. ಹಾಗಾಗಿ ಪ್ರತಿ 2 ಅಡಿಗೊಂದು ಸಣ್ಣ ಅಡ್ಡಗೆರೆ, ಹಲಗೆಗಳು ಕೂಡುವಲ್ಲಿ ಒಂದು ಲಂಬಗೆರೆ, ಹಲಗೆ ಬಿಗಿದ ಬೋಲ್ಟಿನ ತೂತುಗಳು, ಅವನ್ನು ಆಮೇಲೆ ಅದೇ ಮಣ್ಣಿನಿಂದ ಮುಚ್ಚಿದ ತೇಪೆ. ತೇಪೆಯ ಬಣ್ಣ ಸುತ್ತಲಿಗಿಂತ ಒಂದು ಗೀಟು ಬೇರೆಯಿರುತ್ತದೆ. ಇವನ್ನು ಚಿತ್ರದಲ್ಲಿ ಹಾಕಿ ತೋರಿಸಿದಾಗ ಮೇಷ್ಟ್ರು "ಇವು ಕಾಣ್ತವಾ?" ಎಂದು ಕೇಳಿದರು. ಕಾಣುತ್ತವೆ ಸಾರ್ ಎಂದೆ. ಸ್ವಲ್ಪ ಯೋಚನೆ ಮಾಡಿ ಸರಿ ಎಂದರು. ಈ ಮಾತು ಗೋಡೆ ಏಳುವ ಮೊದಲೇ ಆಯಿತು ನೋಡಿ.

ಬಿದಿರು

ಬಿದಿರಿಗೆ ಜನ ಮಾಡುವ ತಪ್ಪು ಒಂದೇ. ಒಂದು ಸಿಲಿಂಡರ್ ಮಾಡಿ, ಅದಕ್ಕೆ ಸಮ ಅಂತರದಲ್ಲಿ ಬಳೆ ತೊಡಿಸಿ, ನಲವತ್ತು ಸಲ ಕಾಪಿ ಹೊಡೆಯುವುದು. ಮಂಡ್ಯದ ಕಡೆ ಕಬ್ಬು ನೋಡದವರಿಲ್ಲ ಅಲ್ವಾ? ಕಬ್ಬಿನ ಗೆಣ್ಣು ಬುಡದಲ್ಲಿ ಒತ್ತೊತ್ತಾಗಿ, ಮಧ್ಯದಲ್ಲಿ ದೂರ ದೂರ ಇರುವಂತೆ ಬಿದಿರಿನದ್ದೂ ಹಾಗೇ. ಬುಡದಿಂದ ತುದಿಗೆ ದಪ್ಪ ಇಳಿಯುತ್ತದೆ. ಗೆಣ್ಣಿನ ಹತ್ತಿರ ಗಳು ತುಸು ದಿಕ್ಕು ಬದಲಿಸುತ್ತದೆ. ಹತ್ತು ಅಡಿಯ ಗಳುವಿನಲ್ಲಿ ಒಂದು ಇಂಚು ಬಾಗು ಇದ್ದರೆ ಅದನ್ನು ಮೇಸ್ತ್ರಿ ಒಳ್ಳೆಯ ಗಳು ಅನ್ನುತ್ತಾರೆ.

ನಾನು `Curve` ಎಳೆದು, ಅದಕ್ಕೆ ದಪ್ಪ ಕೊಟ್ಟು, ಐದು ಬೇರೆ ಬೇರೆ ಗಳು ಮಾಡಿದೆ. ಆ ಐದನ್ನೇ ತಿರುಗಿಸಿ, ಉಲ್ಟಾ ಮಾಡಿ ಎಲ್ಲ ಕಡೆ ಬಳಸಿದೆ. ಉಲ್ಟಾ ಮಾಡುವುದು ಬರೀ ಚಂದಕ್ಕಲ್ಲ. ಗಳುವಿನ ಬುಡ, ತುದಿ ಅದಲು ಬದಲಾಗಿ ಜೋಡಿಸಿದರೆ ಮಾತ್ರ ಹೆಂಚಿನ ಮಟ್ಟ ಒಂದು ಕಡೆ ಇಳಿಯುವುದಿಲ್ಲ. ನಿಜವಾದ ಕೆಲಸದಲ್ಲೂ ಹಾಗೇ ಮಾಡುತ್ತಾರೆ.

ಯಾವ ಬಿದಿರು ಎಂದು ಕೇಳಿಕೊಳ್ಳಿ. ಕಿರುಬಿದಿರು ತೆಳ್ಳಗೆ, ಒಳಗೆ ಬಹುತೇಕ ಗಟ್ಟಿ. ಹೆಬ್ಬಿದಿರು ದಪ್ಪ, ಪೊಳ್ಳು. ಸೂರಿನ ಅಂಚಿನಲ್ಲಿ ಕತ್ತರಿಸಿದ ತುದಿಗಳು ಸಾಲಾಗಿ ಕಾಣುತ್ತವೆ. ಅಲ್ಲಿ ಕಿರುಬಿದಿರಿಗೆ ದೊಡ್ಡ ತೂತು ತೋರಿಸಿದರೆ ಬಲ್ಲವರು ನಗುತ್ತಾರೆ. ಜಗಲಿಯ ಕಂಬಕ್ಕೆ ಹೆಬ್ಬಿದಿರು. ಅದರ ಬುಡ ನೆಲಕ್ಕೆ ತಾಗಬಾರದು, ಕಲ್ಲಿನ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಗೆದ್ದಲು ಹಿಡಿಯುತ್ತದೆ. ಚಿತ್ರದಲ್ಲಿ ಕಂಬ ಮಣ್ಣಿನಿಂದ ಮೊಳೆತಂತೆ ನಿಂತಿದ್ದರೆ ಅದು ತಪ್ಪು ಚಿತ್ರ.

ಹೊಳಪಿನ ವಿಷಯದಲ್ಲಿ ಒಂದು ತಿರುವು ಇದೆ. ಬಿದಿರಿನ ಸಿಪ್ಪೆ ನಿಜಕ್ಕೂ ಸ್ವಲ್ಪ ಹೊಳೆಯುತ್ತದೆ. ಹೊಸ ಗಳುವಿಗೆ `Roughness` 0.4 ಸರಿ. ಬಿಸಿಲು ಮಳೆ ತಿಂದು ಬೂದು ಬಣ್ಣಕ್ಕೆ ತಿರುಗಿದ್ದಕ್ಕೆ 0.65. ಒಳಗಿನ ರೆಡ್ ಆಕ್ಸೈಡ್ ನೆಲಕ್ಕೆ ಇನ್ನೂ ಕಡಿಮೆ, 0.3. ಹಳೇ ಮೈಸೂರಿನ ಮನೆಗಳಲ್ಲಿ ಎಣ್ಣೆಯಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವಂತಾದ ನೆಲಗಳಿವೆ. ಅಲ್ಲಿ ಹೊಳಪು ತೋರಿಸದಿದ್ದರೆ ಅದೇ ಸುಳ್ಳಾಗುತ್ತದೆ. ಎಲ್ಲವನ್ನೂ ಮಂಕು ಮಾಡಿ ಧೂಳು ಬಳಿದು "ನೈಜ" ಎನ್ನುವವರನ್ನು ನೋಡಿದ್ದೇನೆ. ಕಡಿಮೆ ಖರ್ಚಿನ ಮನೆ ಅಂದರೆ ಹಾಳು ಬಿದ್ದ ಮನೆ ಅಲ್ಲವಲ್ಲ.

ಬೆಳಕು: ಯಾವ ತಿಂಗಳು, ಎಷ್ಟು ಗಂಟೆ

ಸಂಜೆಯ ಹೊಂಬೆಳಕು ಎಲ್ಲವನ್ನೂ ಚಂದ ಮಾಡುತ್ತದೆ. ಸಿಮೆಂಟ್ ಶೀಟಿನ ಶೆಡ್ಡನ್ನೂ. ಅದಕ್ಕೇ ಅದು ಬೇಡ. ಸಾಧಾರಣ ದಿನದ, ಸಾಧಾರಣ ಹೊತ್ತು ಆರಿಸಿ.

ಮೈಸೂರು, ಮಂಡ್ಯ ಇರುವುದು ಸುಮಾರು 12.3 ರಿಂದ 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇದರಿಂದ ಒಂದು ವಿಚಿತ್ರ ಇದೆ. ಜೂನ್ ತಿಂಗಳ ನಡುಮಧ್ಯಾಹ್ನ ಸೂರ್ಯ ನಮ್ಮ ತಲೆಯ ಮೇಲೆ ಅಲ್ಲ, ಸ್ವಲ್ಪ ಉತ್ತರಕ್ಕಿರುತ್ತಾನೆ. ಬೇರೆ ದೇಶದ ಟ್ಯುಟೋರಿಯಲ್ ನೋಡಿ ಸೂರ್ಯನನ್ನು ದಕ್ಷಿಣಕ್ಕೇ ನಿಲ್ಲಿಸಿದರೆ ನೆರಳೆಲ್ಲ ತಪ್ಪು. ಬ್ಲೆಂಡರಿನಲ್ಲಿ `Sun Position` ಎಂಬ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ಅಕ್ಷಾಂಶ, ರೇಖಾಂಶ, ಸಮಯವಲಯ 5.5 ಕೊಟ್ಟರೆ ಸೂರ್ಯ ತಾನಾಗಿ ಸರಿಯಾದ ಜಾಗಕ್ಕೆ ಬರುತ್ತಾನೆ. ಉತ್ತರ ಯಾವ ಕಡೆ ಎಂದು ಮಾತ್ರ ಮೊದಲೇ ಸರಿಯಾಗಿ ಹೇಳಿಕೊಡಿ.

ನಮ್ಮ ಮನೆಯ ಮುಖ ದಕ್ಷಿಣಕ್ಕೆ, ಸೂರು 3 ಅಡಿ. ಡಿಸೆಂಬರ್ ಕೊನೆಯ ವಾರದ ನಡುಮಧ್ಯಾಹ್ನ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಸೂರಿನ ನೆರಳು ಗೋಡೆಯ ಮೇಲೆ ಸುಮಾರು 4 ಅಡಿ ಇಳಿಯುತ್ತದೆ, ಅರ್ಧ ಗೋಡೆ ಕತ್ತಲು. ಅದೇ ದಿನ ಬೆಳಿಗ್ಗೆ 9 ಗಂಟೆಗೆ ಸೂರ್ಯ ಸುಮಾರು 29 ಡಿಗ್ರಿ ಎತ್ತರದಲ್ಲಿ, ಆಗ್ನೇಯದಲ್ಲಿ ಇರುತ್ತಾನೆ. ನೆರಳು 2 ಅಡಿ 9 ಇಂಚು ಮಾತ್ರ. ಕೆಳಗಿನ ಆರಡಿ ಗೋಡೆಗೆ ಬಲಗಡೆಯಿಂದ ಓರೆ ಬಿಸಿಲು ಬೀಳುತ್ತದೆ. ವರಸೆಯ ಬುಡದ ಒರಟು, ಹಲಗೆಯ ಗೆರೆ, ತೇಪೆ, ಎಲ್ಲ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಇದನ್ನೇ ಆರಿಸಿದೆ. ಸೂರಿನ ನೆರಳು ಗೋಡೆಯ ಮೇಲೆ ಎಲ್ಲಿಗೆ ಬರುತ್ತದೆ ಎಂದು ಕಾಗದದಲ್ಲಿ ಲೆಕ್ಕ ಹಾಕಿ, ರೆಂಡರಿನಲ್ಲಿ ಅಳೆದು ನೋಡಿ. ಎರಡೂ ತಾಳೆಯಾದರೆ ನಿಮ್ಮ ಉತ್ತರ ದಿಕ್ಕು ಸರಿಯಿದೆ.

ಆಕಾಶಕ್ಕೆ `Sky Texture`, ಅದರಲ್ಲಿ `Nishita`. `Altitude` 700 ಮೀಟರ್, `Dust` ಒಂದೂವರೆ. `Background` ನ `Strength` 0.1 ರಿಂದ ಶುರು ಮಾಡಿ, ಇಲ್ಲದಿದ್ದರೆ ಎಲ್ಲ ಬೆಳ್ಳಗೆ ಸುಟ್ಟುಹೋಗುತ್ತದೆ. ಇದರ ಹೊರತು ಒಂದೇ ಒಂದು ದೀಪ ಸೇರಿಸಬೇಡಿ. ಜಗಲಿಯೊಳಗೆ ಕತ್ತಲಿದ್ದರೆ ಕತ್ತಲಿರಲಿ. ನೆಲದ ಕೆಂಪು ಬೆಳಕು ಮೇಲಕ್ಕೆ ಪುಟಿದು ಬಿದಿರಿನ ಕೆಳಮೈಗೆ ಹತ್ತುತ್ತದೆ, ಅದನ್ನು ಯಾವ ದೀಪವೂ ಕೊಡಲಾರದು. ಅದು ಸಿಗಬೇಕಾದರೆ ಮನೆ ಮುಂದೆ ಹಸಿರು ಕಾರ್ಪೆಟ್ಟಿನಂಥ ಲಾನ್ ಹಾಕಬೇಡಿ. ಅಲ್ಲಿ ಇರುವುದು ಕೆಮ್ಮಣ್ಣಿನ ಅಂಗಳ.

ಕ್ಯಾಮೆರಾ, ಬಣ್ಣದ ಸೆಟ್ಟಿಂಗ್

ಇದು ಬೇಗ ಮುಗಿಯುತ್ತದೆ. ಕ್ಯಾಮೆರಾ ನೆಲದಿಂದ 5 ಅಡಿ ಎತ್ತರ, ನಿಂತ ಮನುಷ್ಯನ ಕಣ್ಣು. ಲೆನ್ಸ್ 35 ಮಿಲಿಮೀಟರ್. 8 ಮೀಟರ್ ದೂರದಲ್ಲಿ ನಿಂತರೆ ಇದರಲ್ಲಿ 8.2 ಮೀಟರ್ ಅಗಲ ಕಾಣುತ್ತದೆ, ನಮ್ಮ ಮನೆ 7.3 ಮೀಟರ್, ಸರಿಯಾಗಿ ಹಿಡಿಸುತ್ತದೆ. 18 ರ ಲೆನ್ಸ್ ಹಾಕಿ ಹತ್ತಿರ ಹೋದರೆ 14 ಅಡಿಯ ಮನೆ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಕ್ಯಾಮೆರಾದ ಮೂತಿಯನ್ನು ಮೇಲಕ್ಕೆ ಎತ್ತಬೇಡಿ, `Shift Y` ಬಳಸಿ, ಗೋಡೆ ನೆಟ್ಟಗೆ ನಿಲ್ಲುತ್ತದೆ. ಹಿನ್ನೆಲೆ ಮಸುಕು ಮಾಡುವ `Depth of Field` ಆಫ್.

`View Transform` ನಲ್ಲಿ `AgX`, `Look` ನಲ್ಲಿ `None`. ಚಿತ್ರ ಸಪ್ಪೆ ಅನಿಸುತ್ತದೆ, ಕೈ ಹೆಚ್ಚು ಕಾಂಟ್ರಾಸ್ಟ್ ಕಡೆ ಹೋಗುತ್ತದೆ. ಒಂದು ದಿನ ಬಿಟ್ಟು ನೋಡಿ, ಸೈಟಿನಲ್ಲಿ ತೆಗೆದ ಫೋಟೋ ಪಕ್ಕದಲ್ಲಿಟ್ಟು ನೋಡಿ. ಆಮೇಲೂ ಬೇಕೆನಿಸಿದರೆ ಸ್ವಲ್ಪ ಏರಿಸಿ. ಅನುಮಾನ ಬಂದರೆ `View Transform` ಅನ್ನು ಕ್ಷಣ `False Color` ಗೆ ಬದಲಿಸಿ. ಬಿಸಿಲಿನ ಮಣ್ಣಿನ ಗೋಡೆ ಮಧ್ಯದ ಬಣ್ಣಗಳ ಆಸುಪಾಸಿನಲ್ಲಿರಬೇಕು. ಗೋಡೆಯ ಮೇಲೆ ಎಲ್ಲಾದರೂ ಕೆಂಪು, ಬಿಳಿ ಮಚ್ಚೆ ಕಂಡರೆ ಅಲ್ಲಿ ಹೊಳಪು ಉಳಿದಿದೆ ಎಂದೇ ಅರ್ಥ. ಬಿದಿರಿನ ಸಿಪ್ಪೆಯ ಮೇಲೆ ಒಂದು ತೆಳು ಗೆರೆಯಷ್ಟು ಬಂದರೆ ಪರವಾಗಿಲ್ಲ.

ಮಳೆಗಾಲ ಕಳೆದ ಮೇಲಿನ ಚಿತ್ರ

ನಾನು ಒಂದೇ ಕೋನದಿಂದ ಎರಡು ಚಿತ್ರ ಕೊಡುತ್ತೇನೆ. ಒಂದು, ಗೋಡೆ ಒಣಗಿ ಮೂರು ತಿಂಗಳಾದಾಗ. ಇನ್ನೊಂದು, ಒಂದು ಮಳೆಗಾಲ ಕಳೆದ ಮೇಲೆ. ಸೂರಿನಿಂದ ಬಿದ್ದ ನೀರು ಅಂಗಳದ ಕೆಮ್ಮಣ್ಣನ್ನು ಎರಚಿ ಪಾಯದ ಕಲ್ಲಿನ ಮೇಲೆ ಒಂದಡಿಯಷ್ಟು ಕೆಂಪು ಕಲೆ ಮಾಡುತ್ತದೆ. ಅದು ಬುಡದಲ್ಲಿ ದಟ್ಟ, ಮೇಲೆ ಹೋದಂತೆ ಚುಕ್ಕಿ ಚುಕ್ಕಿ. ಮುಂಗಾರು ಗಾಳಿ ಹೊಡೆಯುವ ನೈಋತ್ಯ ಮೂಲೆಯಲ್ಲಿ ಗೋಡೆಯ ಮೇಲ್ಪದರ ಚೂರು ತೊಳೆದುಹೋಗಿ ಸಣ್ಣ ಕಲ್ಲುಗಳು ಮೇಲೆದ್ದಿರುತ್ತವೆ. ಆ ಮೂಲೆಗೆ ಮಾತ್ರ `Bump` ನ `Strength` 0.5 ರಿಂದ 0.8ಕ್ಕೆ ಏರಿಸಿದೆ. ಸೂರಿನ ಕೆಳಗಿನ ಮೂರಡಿ ಗೋಡೆ ಹೊಸದರಂತೆಯೇ ಇರುತ್ತದೆ, ಯಾಕೆಂದರೆ ಅಲ್ಲಿಗೆ ಮಳೆ ತಲುಪುವುದು ಕಡಿಮೆ. ಕಲೆಯನ್ನು ಇಡೀ ಗೋಡೆಗೆ ಸಮನಾಗಿ ಹರಡಿದರೆ ಕೊಳೆ ಹಾಗೆ ಕಾಣುತ್ತದೆಯೇ ಹೊರತು ಮಳೆ ಹಾಗಲ್ಲ. ಪ್ರತಿ ಕಲೆಗೂ ನೀರು ಎಲ್ಲಿಂದ ಬಂತು ಎಂದು ಹೇಳಲು ಬರಬೇಕು.

ಈ ಎರಡನೇ ಚಿತ್ರ ನೋಡಿದ ಮೇಲೆ ಮೇಷ್ಟ್ರು ಅಂಗಳದಲ್ಲಿ, ಸೂರಿನ ನೀರು ಬೀಳುವ ಜಾಗಕ್ಕೆ, ಎರಡು ಅಡಿ ಅಗಲದ ಜಲ್ಲಿ ಪಟ್ಟಿ ಹಾಕಿಸಲು ಹೇಳಿದರು. ಎರಚಲು ಕಡಿಮೆಯಾಗುತ್ತದೆ. ಮೂರನೇ ಸಲ ರೆಂಡರ್ ಮಾಡಿದೆ.

ಕೊನೆಗೆ ಎರಡೂ ಚಿತ್ರವನ್ನು ಎ3 ಹಾಳೆಯಲ್ಲಿ, ಮಂದ ಕಾಗದದಲ್ಲಿ ಪ್ರಿಂಟ್ ತೆಗೆಸಿದೆ. ಫೋಟೋ ಸ್ಟುಡಿಯೋದ ಗ್ಲಾಸಿ ಪೇಪರಿನಲ್ಲಿ ತೆಗೆಸಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಸೈಟಿಗೆ ಒಯ್ದು ಮೇಸ್ತ್ರಿಗೆ ಕೊಟ್ಟೆ. ಈ ಸಲ ಕೇಕಿನ ಮಾತಿಲ್ಲ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಕೆಳಗಿನಿಂದ ವರಸೆ ಎಣಿಸುತ್ತಾ ಹೋದರು. ಕಿಟಕಿಯ ಮೇಲಿನ ವರಸೆಗೆ ಬಂದು ಬೆರಳು ನಿಂತಿತು.

"ಸಾ, ಇಲ್ಲಿ ಕಿಟಕಿ ಮ್ಯಾಲೆ ಮಣ್ಣು ಹಂಗೇ ಓಗದೆ. ಲಿಂಟಲ್ ಎಲ್ಲಿ ಇಕ್ಕಿದೀರಿ?"

ಇಟ್ಟೇ ಇರಲಿಲ್ಲ. ಮೊದಲ ಚಿತ್ರದಲ್ಲೂ ಇರಲಿಲ್ಲ. ಅಲ್ಲಿ ಪಟ್ಟೆ ಪಟ್ಟೆ ಹೊಳಪಿನಲ್ಲಿ ಅವರಿಗೂ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ಎರಡು ಕಡೆ 9 ಇಂಚು ಗೋಡೆಯ ಮೇಲೆ ಕೂರುವಂತೆ ಒಂದು ಕಲ್ಲಿನ ಲಿಂಟಲ್ ಎಂದು ಅಲ್ಲೇ ಪ್ರಿಂಟಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಆ ರಾತ್ರಿ ನಾಲ್ಕನೇ ರೆಂಡರ್.